ತೇಲುವ ಕೂದಲು, ಮುಳುಗುವ ಕೂದಲು

ತಲೆಸ್ನಾನ ಮಾಡುವಾಗ ಬಕೆಟ್ಟಿಗೆ ಬಿದ್ದ ಕೂದಲನ್ನು ಗಮನಿಸಿದ್ದೀರಾ? ಕೆಲವು ಎಳೆಗಳು ನೀರಿನ ಮೇಲೆ ಉದ್ದಕ್ಕೆ ಮಲಗಿರುತ್ತವೆ. ಇನ್ನು ಕೆಲವು ತಳಕ್ಕೆ ಇಳಿದು ಅಲ್ಲೇ ಉಳಿದಿರುತ್ತವೆ. ತಲೆ ಒಂದೇ, ನೀರೂ ಒಂದೇ. ಹಾಗಾದರೆ ಈ ಭೇದ ಎಲ್ಲಿಂದ ಬಂತು?

ಈ ಭೇದವನ್ನೇ ನೆಚ್ಚಿಕೊಂಡ ಮನೆಪರೀಕ್ಷೆಯೊಂದು ಈಗ ಬಹಳ ಪ್ರಚಾರದಲ್ಲಿದೆ. ಒಂದು ಲೋಟ ನೀರು ತೆಗೆದುಕೊಳ್ಳಿ, ಉದುರಿದ ಕೂದಲೊಂದನ್ನು ಅದಕ್ಕೆ ಹಾಕಿ, ಸ್ವಲ್ಪ ಹೊತ್ತು ಕಾಯಿರಿ. ತೇಲಿದರೆ ನಿಮ್ಮ ಕೂದಲಿಗೆ ನೀರು ಹೀರುವ ಗುಣ ಕಡಿಮೆ, ಮುಳುಗಿದರೆ ಹೆಚ್ಚು, ನಡುವೆ ನಿಂತರೆ ಮಧ್ಯಮ. ಸಲೂನಿನವರು ಪೊರಾಸಿಟಿ ಎನ್ನುವ ಈ ಗುಣವನ್ನು ನಾವು ಇಲ್ಲಿ ಹೀರುಗುಣ ಎಂದು ಕರೆಯೋಣ. ಹೀರುಗುಣ ಗೊತ್ತಾದರೆ ಯಾವ ಎಣ್ಣೆ, ಎಷ್ಟು ಕಂಡೀಷನರ್, ಎಷ್ಟು ಬಿಸಿ ಎಂದು ತೀರ್ಮಾನಿಸಬಹುದು ಎನ್ನುವುದು ಈ ಪರೀಕ್ಷೆಯ ಭರವಸೆ. ಆ ಭರವಸೆಯಲ್ಲಿ ಹುರುಳಿದೆ. ಆದರೆ ಲೋಟದ ನೀರು ಹೇಳುತ್ತಿರುವುದು ನಾವು ಅಂದುಕೊಂಡ ಸಂಗತಿಯನ್ನಲ್ಲ.

ಮುಳುಗಬೇಕಾದದ್ದು ತೇಲುವುದೇಕೆ

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಸಾಂದ್ರತೆ ನೀರಿನ ಸುಮಾರು 1.3 ಪಟ್ಟು. ಎಂದರೆ ಗಟ್ಟಿಮುಟ್ಟಾದ ಕೂದಲಾಗಲಿ ಹಾಳಾದ ಕೂದಲಾಗಲಿ, ಎಲ್ಲವೂ ನೀರಿಗಿಂತ ಭಾರವೇ. ತೂಕವೊಂದೇ ಲೆಕ್ಕಕ್ಕೆ ಬರುವುದಾಗಿದ್ದರೆ ಲೋಟಕ್ಕೆ ಹಾಕಿದ ಪ್ರತಿ ಎಳೆಯೂ ತಳ ಸೇರಬೇಕಿತ್ತು. ನೀರಿನ ನಡುವೆ ಅದು ನಿಂತಿರುವಂತೆ ಕಂಡರೆ ಒಂದೋ ಅದಕ್ಕೆ ಗಾಳಿಗುಳ್ಳೆ ಅಂಟಿಕೊಂಡಿದೆ, ಇಲ್ಲವೇ ಅದು ನಿಧಾನವಾಗಿ ಇಳಿಯುತ್ತಿದೆ. ‘ಮಧ್ಯಮ’ ಎಂಬ ಫಲಿತಾಂಶಕ್ಕೆ ಅದಕ್ಕಿಂತ ಹೆಚ್ಚಿನ ಅರ್ಥವಿಲ್ಲ.

ಕೂದಲನ್ನು ತೇಲಿಸುವುದು ನೀರಿನ ಮೇಲ್ಮೈಯ ಬಿಗಿತ. ನೀರಿನ ಕಣಗಳು ಒಂದನ್ನೊಂದು ಎಳೆದು ಹಿಡಿದಿರುವುದರಿಂದ ಮೇಲ್ಮೈ ಬಿಗಿಯಾಗಿರುತ್ತದೆ. ನೀರು ಅಂಟದ ಹಗುರ ವಸ್ತು ಅದನ್ನು ಹರಿದು ಕೆಳಗಿಳಿಯಲಾರದು. ಶಾಲೆಯಲ್ಲಿ ಸೂಜಿ ತೇಲಿಸಿ ನೋಡಿದ್ದು ಇದೇ ಬಲದಿಂದ. ಕೂದಲಿನ ಮೈಗೆ ನೀರು ಅಂಟಿದರೆ ಎಳೆ ಒದ್ದೆಯಾಗಿ ಇಳಿಯುತ್ತದೆ, ಅಂಟದಿದ್ದರೆ ಮೇಲೆಯೇ ಉಳಿಯುತ್ತದೆ.

ಅನುಮಾನವಿದ್ದರೆ ಹೀಗೆ ಮಾಡಿ ನೋಡಿ. ತೇಲುತ್ತಿರುವ ಎಳೆಯನ್ನು ಬೆರಳಿನಿಂದ ಮೆಲ್ಲಗೆ ಪೂರ್ತಿ ಅದ್ದಿ. ಗುಳ್ಳೆ ಅಂಟಿರದಿದ್ದರೆ ಅದು ಮತ್ತೆ ಮೇಲಕ್ಕೆ ಬರುವುದಿಲ್ಲ, ನಿಧಾನವಾಗಿ ತಳ ಸೇರುತ್ತದೆ. ಇನ್ನೊಂದು ತೇಲುವ ಎಳೆಯ ಪಕ್ಕದಲ್ಲಿ ಕಡ್ಡಿಯ ತುದಿಯಿಂದ ಒಂದು ಹನಿ ಶಾಂಪೂ ಮುಟ್ಟಿಸಿ. ಶಾಂಪೂ ನೀರಿನ ಬಿಗಿತವನ್ನು ಸಡಿಲಿಸುತ್ತದೆ, ಅಷ್ಟು ಹೊತ್ತು ಹಾಯಾಗಿ ತೇಲುತ್ತಿದ್ದ ಎಳೆ ಒದ್ದೆಯಾಗಿ ಕೆಳಗಿಳಿಯುತ್ತದೆ. ಆ ಒಂದು ಕ್ಷಣದಲ್ಲಿ ಕೂದಲಿನ ಹೀರುಗುಣವೇನೂ ಬದಲಾಗಲಿಲ್ಲ, ಬದಲಾದದ್ದು ನೀರು ಮಾತ್ರ.

ಮನೆಯಲ್ಲಿ ಫಲಿತಾಂಶ ದಾರಿ ತಪ್ಪುವುದೂ ಇದೇ ಕಾರಣಕ್ಕೆ. ಕೊಬ್ಬರಿ ಎಣ್ಣೆಯ ಜಿಡ್ಡು ಉಳಿದ ಕೂದಲು ಎಷ್ಟೇ ಹಾಳಾಗಿದ್ದರೂ ತೇಲುತ್ತದೆ. ಹೊಳಪಿಗೆಂದು ಹಚ್ಚುವ ಸೀರಂ ಕೂಡ ಹಾಗೆಯೇ ತೇಲಿಸುತ್ತದೆ. ಸರಿಯಾಗಿ ತೊಳೆಯದೆ ಶಾಂಪೂ ಉಳಿದ ಕೂದಲು ಆರೋಗ್ಯವಾಗಿದ್ದರೂ ಮುಳುಗುತ್ತದೆ. ಪಾತ್ರೆ ತೊಳೆಯುವ ಸೋಪು ಲೋಟಕ್ಕೆ ತುಸು ಅಂಟಿದ್ದರಂತೂ ಹಾಕಿದ್ದೆಲ್ಲ ಮುಳುಗುತ್ತದೆ.

ಹಂಚಿನ ಮಾಡು

ಕೂದಲಿನ ಮೈಗೆ ನೀರು ಅಂಟುವುದೋ ಬಿಡುವುದೋ ಎನ್ನುವುದನ್ನು ತೀರ್ಮಾನಿಸುವುದು ಅದರ ಹೊರಪೊರೆ. ಮಂಗಳೂರು ಹಂಚು ಹೊದಿಸಿದ ಮಾಡನ್ನು ನೆನಪಿಸಿಕೊಳ್ಳಿ. ಮೇಲಿನ ಸಾಲಿನ ಹಂಚು ಕೆಳಗಿನ ಸಾಲಿನ ಮೇಲೆ ತುಸು ಚಾಚಿಕೊಂಡಿರುತ್ತದೆ, ಅಂಚುಗಳೆಲ್ಲ ಕೆಳಮುಖವಾಗಿರುತ್ತವೆ. ಕೂದಲಿನ ಹೊರಪೊರೆಯಲ್ಲೂ ತೆಳುವಾದ ಚಪ್ಪಟೆ ಹಲ್ಲೆಗಳು ಹೀಗೆಯೇ ಒಂದರ ಮೇಲೊಂದು ಕೂತಿವೆ, ಅವುಗಳ ಬಿಡುಅಂಚು ಬುಡದಿಂದ ತುದಿಯ ಕಡೆಗೆ ಮುಖ ಮಾಡಿದೆ. ಒಂದೊಂದು ಹಲ್ಲೆಯ ದಪ್ಪ ಸುಮಾರು ಅರ್ಧ ಮೈಕ್ರಾನ್. ಎಂದರೆ ಎರಡು ಸಾವಿರ ಹಲ್ಲೆಗಳನ್ನು ಪೇರಿಸಿದರೆ ಒಂದು ಮಿಲಿಮೀಟರ್ ಆದೀತು. ಮಾಡಿಗೆ ಹಂಚು ಒಂದೇ ವರಸೆ. ಕೂದಲಿನಲ್ಲಿ, ಮುಖ್ಯವಾಗಿ ಬುಡದ ಹತ್ತಿರ, ಹಲವು ವರಸೆಗಳಿರುತ್ತವೆ.

ಈ ಹಲ್ಲೆಗಳ ಮೇಲುಗಡೆ ಅತ್ಯಂತ ತೆಳುವಾದ ಕೊಬ್ಬಿನ ಲೇಪವೊಂದಿದೆ. ವಿಜ್ಞಾನಿಗಳು ಅದರ ಮುಖ್ಯ ಅಂಶವನ್ನು 18-ಎಂಇಎ ಎಂದು ಕರೆಯುತ್ತಾರೆ. ನಾವು ಹಚ್ಚುವ ಎಣ್ಣೆಯಂತೆ ಇದು ಮೇಲೆ ಸವರಿದ್ದಲ್ಲ. ಕೂದಲು ನೆತ್ತಿಯೊಳಗೆ ರೂಪುಗೊಳ್ಳುವಾಗಲೇ ರಾಸಾಯನಿಕ ಬಂಧದಿಂದ ಹಲ್ಲೆಗೆ ಬೆಸೆದುಕೊಂಡದ್ದು. ಹಾಗಾಗಿ ಸಾಮಾನ್ಯ ಶಾಂಪೂವಿನಿಂದ ಇದು ಸುಲಭವಾಗಿ ಹೋಗುವುದಿಲ್ಲ. ಹೊಸ ಕೂದಲಿನ ಮೇಲೆ ನೀರು ಮಣಿಮಣಿಯಾಗಿ ನಿಲ್ಲುವುದು ಈ ಲೇಪದಿಂದ. ಬಣ್ಣ ತಿಳಿಗೊಳಿಸುವ ಬ್ಲೀಚ್ ಮತ್ತು ಅಮೋನಿಯಾ ಬೆರೆತ ಹೇರ್ ಕಲರ್ ಈ ಬಂಧವನ್ನು ಕಡಿಯುತ್ತವೆ. ನೆತ್ತಿಯಿಂದ ಹೊರಗೆ ಬಂದ ಕೂದಲು ಜೀವವಿಲ್ಲದ್ದು, ಕಳೆದುಕೊಂಡ ಲೇಪವನ್ನು ಅದು ಮತ್ತೆ ತಯಾರಿಸಿಕೊಳ್ಳಲಾರದು.

ಹೀಗೆ ಹಾನಿ ಎರಡು ಹಂತದಲ್ಲಿ ಆಗುತ್ತದೆ. ಮೊದಲು ಲೇಪ ಹೋಗುತ್ತದೆ. ಹಂಚು ಇದ್ದಲ್ಲೇ ಇರುತ್ತದೆ, ಆದರೆ ನೀರು ಜಾರಿ ಹೋಗುವ ಬದಲು ಹರಡಿಕೊಳ್ಳುತ್ತದೆ. ಆಮೇಲೆ ಬಾಚಣಿಗೆಯ ಉಜ್ಜಾಟ, ಬಿಸಿಲು, ಸ್ಟ್ರೈಟ್ನರಿನ ಬಿಸಿ, ವರ್ಷಗಟ್ಟಲೆಯ ತೊಳೆತದಿಂದ ಹಂಚಿನ ಅಂಚುಗಳು ಮುಕ್ಕಾಗಿ, ಏಳುತ್ತವೆ, ಕೊನೆಗೆ ಉದುರುತ್ತವೆ. ಆಗ ನೀರಿಗೆ ಒಳತಿರುಳಿನ ದಾರಿ ಸಲೀಸಾಗುತ್ತದೆ. ತಿರುಳಿನ ಪ್ರೋಟೀನ್ ಸ್ವಲ್ಪಸ್ವಲ್ಪವಾಗಿ ಹೊರಗೆ ತೊಳೆದುಹೋಗಿ ಒಳಗೆ ಸಂದುಗಳಾಗುತ್ತವೆ. ಹೀರುಗುಣ ಎಂಬ ಹೆಸರಿಗೆ ನಿಜವಾಗಿ ಸಲ್ಲುವುದು ಈ ಎರಡನೇ ಹಂತ. ಲೋಟದ ಪರೀಕ್ಷೆ ಮೊದಲ ಹಂತವನ್ನಷ್ಟೇ ಓದುತ್ತದೆ. ಎರಡೂ ಸಾಮಾನ್ಯವಾಗಿ ಜೊತೆಜೊತೆಗೆ ಸಾಗುವುದರಿಂದ ಪರೀಕ್ಷೆ ಪೂರ್ತಿ ವ್ಯರ್ಥವಲ್ಲ. ಆದರೆ ಅದನ್ನು ಒಳಗಿನ ಸ್ಥಿತಿಯ ಅಳತೆ ಎಂದು ತಿಳಿಯಬಾರದು.

ಹೀರುಗುಣ ಕಡಿಮೆ ಇರುವ ಕೂದಲಿಗೆ ನೀರೇ ಇಳಿಯುವುದಿಲ್ಲ ಎಂಬ ಮಾತಿದೆ, ಅದೂ ತಪ್ಪು. ಯಾವ ಹಾನಿಯೂ ಆಗದ ಕೂದಲು ಕೂಡ ಚೆನ್ನಾಗಿ ನೆನೆದರೆ ತನ್ನ ತೂಕದ ಸುಮಾರು 30 ಪ್ರತಿಶತ ನೀರನ್ನು ಒಳಗೆ ತೆಗೆದುಕೊಳ್ಳುತ್ತದೆ, ಸುಮಾರು 15 ಪ್ರತಿಶತ ದಪ್ಪವಾಗುತ್ತದೆ. ಹಾನಿಯಾದ ಕೂದಲು ಬೇಗ ಒದ್ದೆಯಾಗುತ್ತದೆ, ಇನ್ನೂ ಹೆಚ್ಚು ಹೀರುತ್ತದೆ, ಇನ್ನೂ ಹೆಚ್ಚು ಉಬ್ಬುತ್ತದೆ. ಇದನ್ನು ಅಳೆಯಲು ಪ್ರಯೋಗಾಲಯದಲ್ಲಿ ಕೂದಲಿನ ಕಟ್ಟನ್ನು ನೆನೆಸಿ, ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಎಳೆಗಳ ನಡುವಿನ ನೀರನ್ನೆಲ್ಲ ಹೊರಹಾಕಿ, ಆಮೇಲೆ ತೂಗುತ್ತಾರೆ. ಮನೆಯಲ್ಲಿ ಆ ಕೆಲಸ ಆಗದು. ಟವೆಲಿನಲ್ಲಿ ಎಷ್ಟೇ ಒತ್ತಿದರೂ ಎಳೆಗಳ ನಡುವೆ ಉಳಿಯುವ ನೀರು ಒಳಗಿನ ನೀರಿನ ಲೆಕ್ಕವನ್ನು ನುಂಗಿಹಾಕುತ್ತದೆ. ಒಣಗುವ ಸಮಯ ನೋಡಿ ಹೀರುಗುಣ ಹೇಳುವ ಪರೀಕ್ಷೆಯನ್ನು ನಾನು ನೆಚ್ಚದಿರುವುದೂ ಇದಕ್ಕೇ. ಆಷಾಢದ ಮಳೆಯಲ್ಲಿ ಉಡುಪಿಯಲ್ಲಿ ಒಣಗಲು ಹಿಡಿಯುವ ಹೊತ್ತಿಗೂ ಬೇಸಿಗೆಯ ಕಲಬುರಗಿಯಲ್ಲಿ ಹಿಡಿಯುವ ಹೊತ್ತಿಗೂ ಹೋಲಿಕೆಯೇ ಇಲ್ಲ. ಜಡೆ ದಪ್ಪವಿದ್ದಷ್ಟೂ ಒಣಗುವುದು ತಡ, ಕೂದಲಿನ ಸ್ಥಿತಿ ಹೇಗೇ ಇರಲಿ.

ಒಂದು ಎಳೆಯೊಳಗೆ ಎರಡು ವಯಸ್ಸು

ತಲೆಗೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟದವರೆಗೆ ಬರುವ 70 ಸೆಂಟಿಮೀಟರ್ ಜಡೆಯ ತುದಿ ಸುಮಾರು ಆರು ವರ್ಷ ಹಳೆಯದು. ಅದೇ ಎಳೆಯ ಬುಡ ಕಳೆದ ವಾರ ಹುಟ್ಟಿದ್ದು. ಆರು ವರ್ಷದಲ್ಲಿ ತುದಿ ಕಂಡ ಬಿಸಿಲು, ಬಾಚಣಿಗೆ, ಬೋರ್‌ವೆಲ್ ನೀರು ಯಾವುದನ್ನೂ ಬುಡ ಕಂಡಿಲ್ಲ. ಹಾಗಿದ್ದ ಮೇಲೆ ‘ನನ್ನ ಕೂದಲಿನ ಹೀರುಗುಣ ಎಷ್ಟು’ ಎಂದು ಕೇಳಿದರೆ ಅದಕ್ಕೆ ಒಂದೇ ಉತ್ತರ ಇರಲು ಸಾಧ್ಯವಿಲ್ಲ. ಎಳೆಯ ಉದ್ದಕ್ಕೆ ಎಲ್ಲಿಂದ ಎಲ್ಲಿಯವರೆಗೆ ಎಷ್ಟು ಎಂದು ಕೇಳಬೇಕು. ಹುಟ್ಟಿನಿಂದ ಬಂದ ವ್ಯತ್ಯಾಸಗಳಿಲ್ಲವೆಂದಲ್ಲ. ಗುಂಗುರು ಕೂದಲಿನ ತಿರುವುಗಳಲ್ಲಿ ಹಲ್ಲೆಗಳಿಗೆ ಬೇಗ ಪೆಟ್ಟಾಗುತ್ತದೆ. ಆದರೆ ಬಹುಮಟ್ಟಿಗೆ ಹೀರುಗುಣ ಎನ್ನುವುದು ಆ ಎಳೆಯ ಮೇಲೆ ಏನೇನು ನಡೆದಿದೆ ಎಂಬುದರ ದಾಖಲೆ.

ಹೀಗೆ ಕೇಳಿದ ತಕ್ಷಣ ಮನೆಪರೀಕ್ಷೆಗಳಿಗೂ ಬೆಲೆ ಬರುತ್ತದೆ. ಬೇರೆಯವರ ಕೂದಲಿನ ಜೊತೆ, ಇಲ್ಲವೇ ಎಲ್ಲೋ ಓದಿದ ಪಟ್ಟಿಯ ಜೊತೆ ಹೋಲಿಸುವ ಅಗತ್ಯವಿಲ್ಲ. ನಿಮ್ಮದೇ ಬುಡವನ್ನು ನಿಮ್ಮದೇ ತುದಿಯ ಜೊತೆ ಹೋಲಿಸಿದರಾಯಿತು. ಎಣ್ಣೆ, ಶಾಂಪೂ, ನೀರು ಎಲ್ಲವೂ ಎರಡಕ್ಕೂ ಸಮ.

ಮೂರು ತುಂಡು, ಮೂರು ಬಟ್ಟಲು

ಪರೀಕ್ಷೆಯ ದಿನ ಶಾಂಪೂ ಹಾಕಿ ಎರಡು ಸಲ ತೊಳೆಯಿರಿ. ಎಣ್ಣೆ, ಕಂಡೀಷನರ್, ಸೀರಂ ಯಾವುದೂ ಬೇಡ. ಪೂರ್ತಿ ಒಣಗಿದ ಮೇಲೆ ಬಾಚಿ, ಬಾಚಣಿಗೆಯಲ್ಲಿ ಉಳಿದ ಉದ್ದನೆಯ ಐದಾರು ಎಳೆಗಳನ್ನು ತೆಗೆದುಕೊಳ್ಳಿ. ಒಂದೇ ಎಳೆಯನ್ನು ನಂಬಿ ತೀರ್ಪು ಕೊಡಬಾರದು, ಅದು ಅಕಸ್ಮಾತ್ ಆಗಿರಬಹುದು.

ಬುಡ ಯಾವ ಕಡೆ ಎಂದು ತಿಳಿಯಬೇಕು. ಉದುರಿದ ಕೂದಲಿಗೆ ಬುಡದಲ್ಲಿ ಸಾಮಾನ್ಯವಾಗಿ ಚಿಕ್ಕ ಬಿಳಿ ಗಂಟು ಇರುತ್ತದೆ. ಅದು ಕಾಣದಿದ್ದರೆ ಎಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸಡಿಲವಾಗಿ ಹಿಡಿದು, ಬೆರಳುಗಳನ್ನು ಎಳೆಯ ಉದ್ದಕ್ಕೆ ಹಿಂದೆ ಮುಂದೆ ಉಜ್ಜಿ. ಕೂದಲು ತಾನಾಗಿ ಒಂದೇ ದಿಕ್ಕಿಗೆ ತೆವಳಿಕೊಂಡು ಹೋಗುತ್ತದೆ. ಅದು ಹೊರಟ ದಿಕ್ಕಿನ ಕೊನೆಯೇ ಬುಡ. ಮಾಡಿನ ಮೇಲಿನಿಂದ ಕೆಳಕ್ಕೆ ಪೊರಕೆ ಸಲೀಸಾಗಿ ಜಾರುತ್ತದೆ, ಕೆಳಗಿನಿಂದ ಮೇಲಕ್ಕೆ ಗುಡಿಸಿದರೆ ಹಂಚಿನ ಅಂಚಿಗೆ ತಾಗುತ್ತದೆ. ಬೆರಳೂ ಹಾಗೆಯೇ, ತುದಿಯ ಕಡೆಗೆ ಹೋಗುವಾಗ ಜಾರುತ್ತದೆ, ಬುಡದ ಕಡೆಗೆ ಹೋಗುವಾಗ ಅಂಚುಗಳನ್ನು ಹಿಡಿದು ಎಳೆಯನ್ನು ಜೊತೆಗೇ ಒಯ್ಯುತ್ತದೆ.

ತುದಿಯಿಂದ ಬುಡಕ್ಕೆ ಬೆರಳು ಎಳೆದು, ಒರಟಾಗಿದ್ದರೆ ಹೀರುಗುಣ ಹೆಚ್ಚು ಎನ್ನುವ ಇನ್ನೊಂದು ಪರೀಕ್ಷೆಯ ಲೋಪವೂ ಇಲ್ಲೇ ಕಾಣುತ್ತದೆ. ಆ ದಿಕ್ಕಿನಲ್ಲಿ ಎಲ್ಲರ ಕೂದಲೂ ಒರಟೇ. ಬುಡದ ಹತ್ತಿರದ ಒರಟಿಗಿಂತ ತುದಿಯ ಹತ್ತಿರದ ಒರಟು ಸ್ಪಷ್ಟವಾಗಿ ಹೆಚ್ಚಿದ್ದರೆ ಮಾತ್ರ ಅದಕ್ಕೆ ಅರ್ಥ.

ಈಗ ಎಳೆಯಿಂದ ಮೂರು ತುಂಡು ಕತ್ತರಿಸಿ, ಬುಡದ್ದು, ನಡುವಿನದು, ತುದಿಯದು, ಒಂದೊಂದು ಐದು ಸೆಂಟಿಮೀಟರ್. ಬಿಸಿನೀರಿನಲ್ಲಿ ಚೆನ್ನಾಗಿ ಜಾಲಾಡಿದ ಮೂರು ಬಟ್ಟಲುಗಳಲ್ಲಿ ತಣ್ಣಗಿನ ನೀರು ತುಂಬಿ, ಪ್ರತಿ ತುಂಡನ್ನು ಚಿಮುಟದಿಂದ ಹಿಡಿದು ಅಡ್ಡಲಾಗಿ ಮೆಲ್ಲಗೆ ಮಲಗಿಸಿ. ಮೇಲಿನಿಂದ ಬೀಳಿಸಿದರೆ ಬಿದ್ದ ರಭಸಕ್ಕೇ ಅದು ಮುಳುಗಬಹುದು. ಹತ್ತು ನಿಮಿಷ ಬಿಟ್ಟು ನೋಡಿ. ಮೂರೂ ತೇಲಿದರೆ ಲೇಪ ಉದ್ದಕ್ಕೂ ಉಳಿದಿದೆ, ಅಥವಾ ಜಿಡ್ಡು ಹೋಗಿಲ್ಲ. ಬುಡ ತೇಲಿ ತುದಿ ಮುಳುಗಿದರೆ ನಡುವೆ ಎಲ್ಲೋ ಸ್ಥಿತಿ ಬದಲಾಗಿದೆ.

ಬದಲಾಗಿರುವ ಜಾಗವನ್ನು ಹುಡುಕುವುದಕ್ಕೆ ತಲೆಯ ಮೇಲಿನ ಕೂದಲೇ ಬೇಕು. ಬೆಳಕು ಚೆನ್ನಾಗಿ ಬೀಳುವ ಕಡೆ ಕುಳಿತು, ಒಣಗಿದ ಒಂದು ಗೊಂಚಲನ್ನು ಬಾಚಣಿಗೆಯ ಮೇಲೆ ಅಗಲವಾಗಿ ಹರಡಿ. ಇಸ್ತ್ರಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಿಂದ ಒಂದು ಗೇಣು ದೂರದಲ್ಲಿ ಒಂದೇ ಸಲ ಚಿಮುಕಿಸಿ. ಬುಡದ ಕಡೆ ಸಣ್ಣ ಮಣಿಗಳು ನಿಂತು ಹೊಳೆಯುತ್ತವೆ. ಕೆಳಗೆ ಬರುತ್ತ ಒಂದು ಕಡೆ ಮಣಿಗಳು ಇಲ್ಲವಾಗಿ, ಕೂದಲು ಕೂಡಲೇ ಒದ್ದೆಯಾಗಿ ಕಪ್ಪಗಾಗಿ ಎಳೆಗಳು ಒಂದಕ್ಕೊಂದು ಅಂಟುತ್ತವೆ. ಆ ಗಡಿ ನೆತ್ತಿಯಿಂದ ಎಷ್ಟು ಸೆಂಟಿಮೀಟರ್ ಎಂದು ಟೇಪಿನಲ್ಲಿ ಅಳೆದಿಟ್ಟುಕೊಳ್ಳಿ. ನನ್ನ ಲೆಕ್ಕದಲ್ಲಿ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇದೇ ಅತ್ಯಂತ ಉಪಯುಕ್ತ, ಯಾಕೆಂದರೆ ಉಳಿದೆಲ್ಲ ತೀರ್ಮಾನಕ್ಕೆ ಬೇಕಾದ ಒಂದು ಅಳತೆ ಇದರಿಂದ ಸಿಗುತ್ತದೆ.

ತಂಗಿಯ ಮಗಳ ಕೂದಲು

ನನ್ನ ತಂಗಿಯ ಮಗಳು ಬೆಂಗಳೂರಿನ ಹೊರವಲಯದಲ್ಲಿದ್ದಾಳೆ. ಮನೆಗೆ ಬರುವುದು ಬೋರ್‌ವೆಲ್ ನೀರು. ಒಂದೂವರೆ ವರ್ಷದ ಹಿಂದೆ ಸಲೂನಿನಲ್ಲಿ ಕೂದಲನ್ನು ಬ್ಲೀಚ್ ಮಾಡಿಸಿ ಕಂದು ಬಣ್ಣ ಹಾಕಿಸಿಕೊಂಡಿದ್ದಳು. ಲೋಟಕ್ಕೆ ಹಾಕಿದ ಕೂದಲು ಮುಳುಗಿದ್ದನ್ನು ನೋಡಿ ತನ್ನದು ಹೆಚ್ಚು ಹೀರುವ ಕೂದಲು ಎಂದು ನಿಶ್ಚಯಿಸಿ, ಅಂಥ ಕೂದಲಿಗೆಂದು ಮಾರುವ ಮಂದವಾದ ಮಾಸ್ಕನ್ನು ವಾರಕ್ಕೆರಡು ಸಲ ನೆತ್ತಿಯಿಂದಲೇ ಹಚ್ಚತೊಡಗಿದಳು.

“ದೊಡ್ಡಮ್ಮಾ, ಸ್ನಾನ ಮಾಡಿದ ಮರುದಿನವೇ ನೆತ್ತಿ ಅಂಟಂಟು, ತುದಿ ಮಾತ್ರ ತೆಂಗಿನ ನಾರು. ಇದೇನು ಹೀಗೆ?” ಎಂದಳು.

ಶಾಂಪೂ ಹಾಕಿ ತೊಳೆದು ಒಣಗಿಸಿ ತುಂಡುಗಳನ್ನು ಬಟ್ಟಲಿಗೆ ಬಿಟ್ಟೆವು. ಬುಡದ ತುಂಡುಗಳು ತೇಲಿದವು. ತುದಿಯವು ನೀರು ಮುಟ್ಟಿದ ಸ್ವಲ್ಪ ಹೊತ್ತಿಗೇ ಇಳಿದವು. ನಡುವಿನವೂ ತಡವಾಗಿಯಾದರೂ ಇಳಿದವು. ಕೂದಲಿನ ಉದ್ದ 48 ಸೆಂಟಿಮೀಟರ್. ನೀರು ಚಿಮುಕಿಸಿದಾಗ ಗಡಿ ಕಂಡದ್ದು ನೆತ್ತಿಯಿಂದ ಸುಮಾರು 18 ಸೆಂಟಿಮೀಟರ್ ಕೆಳಗೆ. ತಿಂಗಳಿಗೆ ಒಂದರಂತೆ ಹದಿನೆಂಟು ತಿಂಗಳಿಗೆ 18 ಸೆಂಟಿಮೀಟರ್, ಎಂದರೆ ಬ್ಲೀಚ್ ಮುಟ್ಟಿದ ಕೂದಲು ಎಲ್ಲಿಂದ ಶುರುವಾಗುತ್ತದೋ ಸರಿಯಾಗಿ ಅಲ್ಲೇ. ಬಣ್ಣ ಮಾಸಿ ಕಣ್ಣಿಗೆ ಗುರುತು ಸಿಗದಿದ್ದರೂ ನೀರು ಅದನ್ನು ತೋರಿಸಿಕೊಟ್ಟಿತು.

ಅವಳ ತಲೆಯಲ್ಲಿ ಮೇಲೆ 18 ಸೆಂಟಿಮೀಟರ್ ಲೇಪ ಉಳಿದ ಕೂದಲು, ಕೆಳಗೆ 30 ಸೆಂಟಿಮೀಟರ್ ಲೇಪ ಕಳೆದುಕೊಂಡ ಕೂದಲು. ಮಂದ ಮಾಸ್ಕು ಮೇಲಿನದಕ್ಕೆ ಬೇಕಿರಲಿಲ್ಲ, ಕೆಳಗಿನದಕ್ಕೆ ಸಾಲುತ್ತಿರಲಿಲ್ಲ. ಒಂದೇ ಉತ್ತರವನ್ನು ಇಡೀ ತಲೆಗೆ ಹಚ್ಚಿದ್ದೇ ತೊಂದರೆಯಾಗಿತ್ತು.

ತೊಳೆಯುವುದು ಹೇಗೆ

ಗಡಿಯ ಮೇಲಿನ ಕೂದಲಿಗೆ ಬೇಕಾದದ್ದು ಸ್ವಚ್ಛತೆ. ಶಾಂಪೂವನ್ನು ನೆತ್ತಿಗೆ ಹಚ್ಚಿ ಬೆರಳತುದಿಯಿಂದ ಉಜ್ಜಿದರೆ ಸಾಕು, ಕೆಳಗಿನ ಭಾಗಕ್ಕೆ ಇಳಿದುಬರುವ ನೊರೆಯೇ ಸಾಕಾಗುತ್ತದೆ. ಉದ್ದಜಡೆಯನ್ನು ನೆತ್ತಿಯ ಮೇಲೆ ಗುಪ್ಪೆ ಹಾಕಿ ಬಟ್ಟೆ ಕುಕ್ಕಿದ ಹಾಗೆ ತಿಕ್ಕುವ ಅಭ್ಯಾಸ ಹಲವರಿಗಿದೆ. ಉಬ್ಬಿದ, ಅಂಚು ಎದ್ದ ಕೂದಲಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಸ್ನಾನದ ಸೋಪನ್ನು ತಲೆಗೆ ಹಾಕಬೇಡಿ. ಅದು ಕ್ಷಾರ, ಕೂದಲನ್ನು ಇನ್ನಷ್ಟು ಉಬ್ಬಿಸುತ್ತದೆ. ಗಡುಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿಯಾಗಿ ಎಳೆಗೆ ಅಂಟುತ್ತದೆ. ಬಚ್ಚಲಿನ ಬಕೆಟ್ಟಿನ ಒಳಗೆ ಕೈಗೆ ತಾಗುವ ಒರಟು ಪದರ ಅದೇ. ಅಡುಗೆ ಸೋಡಾವೂ ಕ್ಷಾರವೇ, ಹೀರುಗುಣ ಕಡಿಮೆ ಇರುವವರು ಅದರಿಂದ ತೊಳೆಯಬೇಕೆಂಬ ಸಲಹೆ ಕೇಳಿದರೆ ಒಳ್ಳೆಯ ಕೂದಲನ್ನು ಕೈಯಾರೆ ಕೆಡಿಸಿಕೊಂಡಂತೆ. ಸೀಗೆಕಾಯಿ ತುಸು ಆಮ್ಲೀಯ, ಆ ದೃಷ್ಟಿಯಿಂದ ಒಳ್ಳೆಯದು. ಆದರೆ ತರಿತರಿಯಾದ ಪುಡಿಯನ್ನು ತುದಿಗೆ ತಿಕ್ಕುವ ಬದಲು, ನೆನೆಸಿ ಕಿವುಚಿ ಬಟ್ಟೆಯಲ್ಲಿ ಸೋಸಿದ ನೀರನ್ನು ಬಳಸಬೇಕು.

ಬಿಸಿನೀರು ಹಲ್ಲೆಗಳನ್ನು ತೆರೆಯುತ್ತದೆ, ಕೊನೆಗೆ ತಣ್ಣೀರು ಸುರಿದರೆ ಮುಚ್ಚುತ್ತದೆ ಎಂದು ನಂಬಿದವರು ಬಹಳ. ಒಡೆದ ಹಂಚು ತಣ್ಣೀರಿಗೆ ಕೂಡಿಕೊಳ್ಳುವುದಿಲ್ಲ. ಉಗುರುಬೆಚ್ಚಗಿನ ನೀರು ಜಿಡ್ಡು ಬಿಡಿಸಲು ನೆರವಾಗುತ್ತದೆ, ಅಷ್ಟೇ ಸಾಕು.

ಗಡಿಯ ಕೆಳಗಿನ ಕೂದಲಿಗೆ ಸ್ನಾನಕ್ಕೆ ಮುಂಚೆಯೇ ರಕ್ಷಣೆ ಬೇಕು, ಇಲ್ಲಿ ನಮ್ಮ ಕೊಬ್ಬರಿ ಎಣ್ಣೆಗೆ ಒಳ್ಳೆಯ ಆಧಾರವಿದೆ. 2003ರಲ್ಲಿ ರೇಲೆ ಮತ್ತು ಮೋಹಿಲೆ ಎಂಬ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಕೂದಲಿಗೆ ಹಚ್ಚಿ, ತೊಳೆದಾಗ ಎಷ್ಟು ಪ್ರೋಟೀನ್ ಹೊರಹೋಗುತ್ತದೆ ಎಂದು ಅಳೆದರು. ಮೂರರಲ್ಲಿ ಕೊಬ್ಬರಿ ಎಣ್ಣೆಯೊಂದೇ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿತು. ಬ್ಲೀಚ್ ಮಾಡಿದ ಕೂದಲಿನಲ್ಲೂ ಹಾಗೆಯೇ ಕಂಡಿತು. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಆ ಕೊಬ್ಬಿನ ಕಣ ಚಿಕ್ಕದು, ನೇರವಾದದ್ದು, ಹಾಗಾಗಿ ಹಲ್ಲೆಗಳನ್ನು ದಾಟಿ ಒಳಹೋಗಬಲ್ಲದು, ಒಳಗೆ ಕೂತು ಕೂದಲು ಅತಿಯಾಗಿ ಉಬ್ಬದಂತೆ ತಡೆಯುತ್ತದೆ ಎಂಬುದು ವಿವರಣೆ. ಹಿಂದಿನ ರಾತ್ರಿ ಒಂದು ಚಮಚ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ಗಡಿಯ ಕೆಳಗಿನ ಭಾಗಕ್ಕೆ ಸವರಿದರೆ ಸಾಕು. ನೆತ್ತಿಯಿಂದ ತೊಟ್ಟಿಕ್ಕುವಷ್ಟು ಹಾಕಿದರೆ ಅದನ್ನು ತೆಗೆಯಲು ಶಾಂಪೂ ಎರಡರಷ್ಟು ಬೇಕಾಗಿ, ಉಳಿಸಿದ್ದು ತೊಳೆಯುವಾಗ ಹೋಗುತ್ತದೆ.

ಕಂಡೀಷನರ್ ಪ್ರತಿ ಸ್ನಾನಕ್ಕೂ ಬೇಕು, ಗಡಿಯ ಕೆಳಗೆ ಮಾತ್ರ. ಹಾನಿಯಾದ ಕೂದಲಿನ ಮೈಮೇಲೆ ಋಣ ವಿದ್ಯುದಂಶ ಹೆಚ್ಚು, ಕಂಡೀಷನರಿನ ಮುಖ್ಯ ಅಂಶ ಧನ ವಿದ್ಯುದಂಶದ್ದು. ಹಾಗಾಗಿ ಅದು ಲೇಪ ಹೋದ ಜಾಗವನ್ನು ತಾನೇ ಹುಡುಕಿಕೊಂಡು ಅಂಟುತ್ತದೆ. ಇದು ತಾತ್ಕಾಲಿಕ ಹೊದಿಕೆ, ಮುಂದಿನ ಸ್ನಾನದಲ್ಲಿ ಸ್ವಲ್ಪ ಹೋಗುತ್ತದೆ, ಮತ್ತೆ ಹಚ್ಚಬೇಕು. ಎರಡು ಮೂರು ನಿಮಿಷ ಬಿಟ್ಟು, ಅದು ಕೂದಲಿನಲ್ಲಿ ಇರುವಾಗಲೇ ಹಲ್ಲು ಅಗಲವಿರುವ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸಿ. ಮೊಟ್ಟೆಯ ಲೋಳೆ ಒಳಗಿನ ಪ್ರೋಟೀನ್ ನಷ್ಟವನ್ನು ತುಂಬುತ್ತದೆ ಎಂದು ಮಾತ್ರ ನಂಬಬೇಡಿ. ಮೊಟ್ಟೆಯ ಪ್ರೋಟೀನಿನ ಕಣ ಕೂದಲಿನೊಳಕ್ಕೆ ನುಗ್ಗಲಾರದಷ್ಟು ದೊಡ್ಡದು.

ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಕೂಡ ಧನ ವಿದ್ಯುದಂಶದ್ದೇ, ಅದೂ ಇದೇ ಜಾಗಕ್ಕೆ ಬಂದು ಕೂರುತ್ತದೆ. ಇದಕ್ಕಾಗಿ ತಂಗಿಯ ಮಗಳಿಗೆ ಇಡಿಟಿಎ ಬೆರೆತ ಶಾಂಪೂ ತಿಂಗಳಿಗೊಮ್ಮೆ, ಕೊನೆಯ ಜಾಲಾಟಕ್ಕೆ ಒಂದು ತಂಬಿಗೆ ಕುಡಿಯುವ ನೀರು ಎಂದು ಹೇಳಿದೆ. ಇಡಿಟಿಎ ಕ್ಯಾಲ್ಸಿಯಮ್ಮನ್ನು ಹಿಡಿದು ಬಿಡಿಸುತ್ತದೆ. ಬಾಟಲಿಯ ಹಿಂಬದಿಯ ಪಟ್ಟಿಯಲ್ಲಿ ಅದರ ಹೆಸರು ಇರುತ್ತದೆ.

ಒಣಗಿಸುವುದು, ಬಿಸಿ, ಬಣ್ಣ

ಒದ್ದೆಯಾದ ಕೂದಲು ಒಣಕೂದಲಿಗಿಂತ ಸುಲಭವಾಗಿ ಹಿಗ್ಗುತ್ತದೆ, ಬ್ಲೀಚ್ ಆದದ್ದು ಇನ್ನೂ ಹೆಚ್ಚು ಹಿಗ್ಗಿ ತುಂಡಾಗುತ್ತದೆ. ಟವೆಲಿನಲ್ಲಿ ತಿರುಚಿ ಹಿಂಡದೆ, ಹಳೆಯ ಹತ್ತಿಯ ಪಂಚೆಯಲ್ಲಿ ಒತ್ತಿ ನೀರು ತೆಗೆಯುವುದು ಮೇಲು.

ಸ್ಟ್ರೈಟ್ನರ್ ವಿಷಯದಲ್ಲಿ ಒಂದು ಗುರುತನ್ನು ಎಲ್ಲರೂ ತಿಳಿದಿರಬೇಕು. ಪಟ್ಟಿ ಮುಟ್ಟಿಸಿದಾಗ ಚುಂಯ್ ಎಂದು ಸದ್ದಾಗಿ ಹಬೆ ಎದ್ದರೆ ತಕ್ಷಣ ನಿಲ್ಲಿಸಿ. ಕೂದಲು ಇನ್ನೂ ಒಣಗಿಲ್ಲ, ಒಳತಿರುಳಿನ ನೀರು ಒಮ್ಮೆಲೇ ಆವಿಯಾಗುತ್ತಿದೆ. ಆ ಆವಿ ತಿರುಳಿನೊಳಗೆ ಗುಳ್ಳೆಗಳನ್ನು ಎಬ್ಬಿಸುತ್ತದೆ, ಸೂಕ್ಷ್ಮದರ್ಶಕದಲ್ಲಿ ಅವು ಸಾಲುಸಾಲಾಗಿ ಕಾಣುತ್ತವೆ, ಕೂದಲು ಅಲ್ಲಿಯೇ ಮುರಿಯುತ್ತದೆ. ಹೆಚ್ಚು ಹೀರುವ ತುದಿಯಲ್ಲಿ ನೀರು ಹೆಚ್ಚಿರುವುದರಿಂದ ಅಪಾಯವೂ ಅಲ್ಲೇ ಹೆಚ್ಚು. ಮೇಲಿನ ಭಾಗ ಒಣಗಿದೆ ಎಂದು ತುದಿಗೂ ಪಟ್ಟಿ ಒತ್ತಬಾರದು.

ಕರಾವಳಿಯ ಮಳೆಗಾಲದಲ್ಲಿ ತುದಿ ಕೆದರಿ ನಿಲ್ಲುವುದಕ್ಕೂ ಕಾರಣ ಇದೇ, ಗಾಳಿಯ ತೇವವನ್ನು ಎಳೆಗಳು ಹೀರಿ ಉಬ್ಬಿ ಆಕಾರ ಬಿಡುತ್ತವೆ. ತುದಿ ಇನ್ನೂ ತುಸು ಹಸಿ ಇರುವಾಗ ಎರಡು ಹನಿ ಸೀರಂ ಸವರಿದರೆ ತೇವ ಒಳಬರುವುದು ನಿಧಾನವಾಗುತ್ತದೆ. ಲೇಪ ಉಳಿದ ಕೂದಲಿಗೆ ಅಷ್ಟೇ ಸೀರಂ ಹಚ್ಚಿದರೆ ಅದು ಜೋತುಬಿದ್ದು ಜಿಡ್ಡಾಗಿ ಕಾಣುತ್ತದೆ.

ಬಣ್ಣ ಹಾಕಿಸುವ ಮೊದಲು ಗಡಿಯ ಅಳತೆಯನ್ನು ಕಲರ್ ಹಾಕುವವರಿಗೆ ಹೇಳುವುದು ಒಳ್ಳೆಯದು. ಹೀರುವ ಭಾಗ ಬಣ್ಣವನ್ನು ಬೇಗ ಕುಡಿದು ಕಡುವಾಗುತ್ತದೆ, ಬೇಗ ಬಿಟ್ಟೂ ಬಿಡುತ್ತದೆ. ಅನುಭವಸ್ಥರು ಮೊದಲು ಬುಡಕ್ಕೆ ಹಚ್ಚಿ, ಕೊನೆಯ ಕೆಲವು ನಿಮಿಷ ಮಾತ್ರ ತುದಿಗೆ ಎಳೆಯುತ್ತಾರೆ. ಮನೆಯಲ್ಲಿ ಮೆಹಂದಿ ಹಚ್ಚುವವರೂ ಪ್ರತಿ ಸಲ ಇಡೀ ಉದ್ದಕ್ಕೆ ಮೆತ್ತದೆ ಹೊಸ ಬೆಳವಣಿಗೆಗಷ್ಟೇ ಹಚ್ಚಿದರೆ ತುದಿ ಸಲಸಲಕ್ಕೂ ಕಡುಗೆಂಪಾಗುವುದು ತಪ್ಪುತ್ತದೆ.

ತಂಗಿಯ ಮಗಳಿಗೆ ಕೂದಲಿನ ಉದ್ದ ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಮೂರು ತಿಂಗಳಿಗೊಮ್ಮೆ 3 ಸೆಂಟಿಮೀಟರ್ ಕತ್ತರಿಸಿದರೆ ಅಷ್ಟೇ ಹೊತ್ತಿಗೆ ಅಷ್ಟೇ ಬೆಳೆದಿರುತ್ತದೆ, ಉದ್ದ 48ರಲ್ಲೇ ನಿಲ್ಲುತ್ತದೆ. ಹೋಗುವುದೆಲ್ಲ ಬ್ಲೀಚ್ ಆದ ಭಾಗ. ಆ 30 ಸೆಂಟಿಮೀಟರ್ ಮುಗಿಯಲು ಹತ್ತು ಕತ್ತರಿ, ಎರಡೂವರೆ ವರ್ಷ. ಅಲ್ಲಿಯವರೆಗೆ ಪ್ರತಿ ಸಲ ಕತ್ತರಿಸುವ ಮೊದಲು ನೀರು ಚಿಮುಕಿಸಿ ಗಡಿಯನ್ನು ಅಳೆಯಬೇಕು. ಅದು ನೆತ್ತಿಯಿಂದ ಮೂರು ಮೂರು ಸೆಂಟಿಮೀಟರ್ ಕೆಳಗಿಳಿಯುತ್ತಿದ್ದರೆ ಹೊಸ ಕೂದಲು ಲೇಪ ಉಳಿಸಿಕೊಂಡೇ ಬೆಳೆಯುತ್ತಿದೆ. ಇದ್ದಲ್ಲೇ ನಿಂತಿದ್ದರೆ ಈಗಿನ ಆರೈಕೆಯಲ್ಲೇ ಯಾವುದೋ ಒಂದು, ಬಹುಶಃ ಸ್ಟ್ರೈಟ್ನರ್ ಅಥವಾ ಸೋಪು, ಹೊಸ ಭಾಗವನ್ನೂ ಕೆಡಿಸುತ್ತಿದೆ, ಅದನ್ನು ಮೊದಲು ನಿಲ್ಲಿಸಬೇಕು.